ಕೇಳದೆ ಬಿಟ್ಟ ಪ್ರಶ್ನೆ

ನೋಡಮ್ಮ, ನಿನಗೆ ಮೂರನೇ ತರಗತಿಯ ಗಣಿತ ಬಂದಿದೆ ಎಂದು ಕೇಳಿದೆ. ಹಾಗಿದ್ದರೆ ಎರಡು ಹಂತದ ಹೇಳಿಕೆ ಲೆಕ್ಕಗಳ ಬಗ್ಗೆ ನಾಲ್ಕು ಮಾತು ಹೇಳಬೇಕು. ಕೂಡಿಸು, ಕಳೆ ಎಂದರೆ ಚಕಚಕನೆ ಮಾಡುವ ಮಕ್ಕಳೇ ಈ ಲೆಕ್ಕ ಬಂದಾಗ ನಿನ್ನ ಮುಖ ನೋಡುತ್ತಾರೆ. ‘ಮಿಸ್, ಕೂಡಬೇಕಾ, ಕಳೀಬೇಕಾ?’ ಎಂಬ ಪ್ರಶ್ನೆ ಮೊದಲ ವಾರದಲ್ಲೇ ನಿನ್ನ ಕಿವಿಗೆ ಬೀಳುತ್ತದೆ. ಅದಕ್ಕೆ ಯಾವತ್ತೂ ಉತ್ತರ ಕೊಡಬೇಡ. ಕೊಟ್ಟರೆ ಲೆಕ್ಕದಲ್ಲಿ ಮಗು ಯೋಚಿಸಬೇಕಾದದ್ದು ಏನೂ ಉಳಿಯುವುದಿಲ್ಲ.

ಒಂದೇ ಒಂದು ಲೆಕ್ಕ ಹಿಡಿದು ಹೇಳುತ್ತೇನೆ. ಸಾವಿತ್ರಿ ಸಂತೆಗೆ 48 ತೆಂಗಿನಕಾಯಿ ತಂದಳು. ಇದು ಲಕ್ಷ್ಮಿ ತಂದದ್ದಕ್ಕಿಂತ 15 ಹೆಚ್ಚು. ಇಬ್ಬರೂ ಸೇರಿ ಎಷ್ಟು ಕಾಯಿ ತಂದರು?

ಇದನ್ನು ತರಗತಿಗೆ ಕೊಟ್ಟು ನೋಡು, ನಾಲ್ಕು ಬಗೆಯ ಉತ್ತರ ಬರಬಹುದು. 81 ಎಂಬುದು ಸರಿ. ಉಳಿದ ಮೂರು ತಪ್ಪುಗಳಿಗೆ ಸುಮ್ಮನೆ ಕೆಂಪು ಗೀಟು ಹಾಕಿ ಮುಂದೆ ಹೋಗಬೇಡ, ಒಂದೊಂದೂ ಒಂದೊಂದು ಕಥೆ ಹೇಳುತ್ತದೆ. 33 ಎಂದು ಬರೆದ ಮಗು ಲಕ್ಷ್ಮಿಯ ಕಾಯಿಗಳನ್ನು ಸರಿಯಾಗಿಯೇ ಕಂಡುಹಿಡಿದಿದೆ, ಅಲ್ಲಿಗೇ ಕೆಲಸ ಮುಗಿಯಿತು ಅಂದುಕೊಂಡಿದೆ. 111 ಎಂದವನು ಎರಡೂ ಹಂತ ಮಾಡಿದ್ದಾನೆ, ಆದರೆ ಲಕ್ಷ್ಮಿಗೆ 15 ಕಳೆಯುವ ಬದಲು ಕೂಡಿ 63 ಮಾಡಿಕೊಂಡಿದ್ದಾನೆ. ಬರೀ 63 ಬರೆದ ಮಗುವಿನದು ಮಾತ್ರ ಸಂಖ್ಯೆ ನೋಡಿ ಹೇಳಲು ಬಾರದು. ಲಕ್ಷ್ಮಿಯ ಪಾಲನ್ನೇ ತಪ್ಪಾಗಿ ತೆಗೆದು ನಿಂತಿರಬಹುದು. ಇಲ್ಲವೇ ‘ಹೆಚ್ಚು’, ‘ಸೇರಿ’ ಎಂಬ ಮಾತು ಕಂಡ ಕೂಡಲೆ ಕಣ್ಣಿಗೆ ಬಿದ್ದ ಎರಡು ಅಂಕಿ ಕೂಡಿರಬಹುದು. ‘ಹೆಚ್ಚು ಎಂದರೆ ಕೂಡು, ಕಡಿಮೆ ಎಂದರೆ ಕಳೆ’ ಎಂದು ಹಿಂದಿನ ತರಗತಿಯಲ್ಲಿ ಯಾರೋ ಉರು ಹೊಡೆಸಿರುತ್ತಾರೆ. ಒಂದು ಹಂತದ ಲೆಕ್ಕದಲ್ಲಿ ಅದು ಹೇಗೋ ದಡ ಸೇರಿಸುತ್ತದೆ, ಇಲ್ಲಿ ಮಾತ್ರ ನಡುನೀರಿನಲ್ಲಿ ಕೈಬಿಡುತ್ತದೆ.

ಈ ಲೆಕ್ಕದ ಕಷ್ಟ ಅಂಕಿಯಲ್ಲಿಲ್ಲ. ಲಕ್ಷ್ಮಿ ಎಷ್ಟು ತಂದಳು ಎಂದು ಲೆಕ್ಕ ಕೇಳುವುದೇ ಇಲ್ಲ. ಅದನ್ನು ಕಂಡುಹಿಡಿಯದೆ ಕೇಳಿದ ಪ್ರಶ್ನೆಗೆ ಉತ್ತರವೂ ಇಲ್ಲ. ಕೇಳದೆ ಬಿಟ್ಟ ಆ ಪ್ರಶ್ನೆಯನ್ನು ಮಗು ತಾನೇ ಕೇಳಿಕೊಳ್ಳಬೇಕು. ಕಾಗದದ ಮೇಲೆ ಅದಕ್ಕೊಂದು ಜಾಗ ಮಾಡಿಕೊಡುವುದಷ್ಟೇ ಪಟ್ಟಿ ಚಿತ್ರದ ಕೆಲಸ. 1980ರ ದಶಕದಲ್ಲಿ ಸಿಂಗಪುರದಲ್ಲಿ ಖೋ ಟೆಕ್ ಹಾಂಗ್ ನೇತೃತ್ವದ ತಂಡ ಈ ಪಟ್ಟಿಗಳನ್ನು ಪ್ರಾಥಮಿಕ ಶಾಲೆಯ ಗಣಿತದೊಳಗೆ ತಂದಿತು. ಅಲ್ಲೂ ಮಕ್ಕಳು ಹೇಳಿಕೆ ಲೆಕ್ಕದಲ್ಲಿ ಎಡವುತ್ತಿದ್ದುದೇ ಕಾರಣ. ಅಂದರೆ ಈ ಎಡವಟ್ಟು ನಮ್ಮ ಮಕ್ಕಳದ್ದು ಮಾತ್ರ ಅಂದುಕೊಳ್ಳಬೇಡ.

ಈಗ ಬರೆಯುವ ಕ್ರಮಕ್ಕೆ ಬರುತ್ತೇನೆ. ಲೆಕ್ಕವನ್ನು ಮೊದಲ ಸಲ ಓದುವಾಗ ಅಂಕಿಗಳನ್ನು ನುಂಗಿಬಿಡು. ‘ಸಾವಿತ್ರಿ ಒಂದಷ್ಟು ಕಾಯಿ ತಂದಳು. ಅದು ಲಕ್ಷ್ಮಿ ತಂದದ್ದಕ್ಕಿಂತ ಹೆಚ್ಚು. ಇಬ್ಬರದೂ ಸೇರಿ ಎಷ್ಟು?’ ಅಂಕಿ ಇಲ್ಲದಿದ್ದರೆ ಕೂಡಲೂ ಆಗದು, ಕಳೆಯಲೂ ಆಗದು, ಆದ್ದರಿಂದ ಮಗು ಬೇರೆ ದಾರಿಯಿಲ್ಲದೆ ಕಥೆ ಕೇಳುತ್ತದೆ. ಆಮೇಲೆ ಹಲಗೆಯ ಎಡಗಡೆ ಒಬ್ಬಳ ಕೆಳಗೆ ಒಬ್ಬಳಂತೆ ಎರಡು ಹೆಸರು ಬರೆ. ಸಾವಿತ್ರಿಯ ಹೆಸರಿನ ಮುಂದೆ ಒಂದು ಉದ್ದ ಪಟ್ಟಿ ಎಳೆ. ಸೀಮೆಸುಣ್ಣ ಕೈಯಲ್ಲಿ ಹಿಡಿದೇ ನಿಂತು ಕೇಳು: ‘ಲಕ್ಷ್ಮಿಯ ಪಟ್ಟಿ ಇದಕ್ಕಿಂತ ಉದ್ದವೋ, ಗಿಡ್ಡವೋ?’

ಇಡೀ ಲೆಕ್ಕ ನಿಂತಿರುವುದು ಈ ಪ್ರಶ್ನೆಯ ಮೇಲೆ. ಇಲ್ಲಿ ಅವಸರ ಮಾಡಬೇಡ. ಅರ್ಧ ತರಗತಿ ‘ಉದ್ದ’ ಎಂದು ಕೂಗುತ್ತದೆ, ಯಾಕೆಂದರೆ ಲಕ್ಷ್ಮಿಯ ಹೆಸರಿನ ಪಕ್ಕದಲ್ಲೇ ‘ಹೆಚ್ಚು’ ಎಂದಿದೆ. ಆಗ ತಪ್ಪು ಎನ್ನದೆ, ಅವರು ಹೇಳಿದಂತೆಯೇ ಉದ್ದದ ಪಟ್ಟಿ ಎಳೆದುಬಿಡು. ಎಳೆದು, ‘ಹಾಗಾದರೆ ಹೆಚ್ಚು ತಂದವಳು ಯಾರು? ಲೆಕ್ಕ ಏನು ಹೇಳುತ್ತದೆ, ಇನ್ನೊಂದು ಸಲ ಓದಿ’ ಎನ್ನು. ಯಾರದಾದರೂ ಹುಬ್ಬು ಗಂಟಾಗುತ್ತದೆ. ಅವನೇ ಬಂದು ಒರೆಸಿ ಗಿಡ್ಡ ಮಾಡಲಿ.

ಎರಡು ಪಟ್ಟಿಗಳೂ ಎಡಗಡೆ ಒಂದೇ ನೇರದಲ್ಲಿ ಶುರುವಾಗಬೇಕು. ಒಂದು ಸ್ವಲ್ಪ ಒಳಗೆ, ಒಂದು ಹೊರಗೆ ಆದರೆ ಯಾವುದು ಉದ್ದ ಎಂಬುದೇ ಕಾಣದು, ಹೋಲಿಕೆಯ ಚಿತ್ರ ಅಲ್ಲಿಗೇ ಕೆಟ್ಟಿತು. ಮಕ್ಕಳ ಹತ್ತಿರ ಚೌಕದ ಗೆರೆಯ ಲೆಕ್ಕದ ಪುಸ್ತಕ ಇದ್ದರೆ ಈ ತೊಂದರೆ ಇಲ್ಲ. ಈಗ ಅಂಕಿಗಳನ್ನು ಒಳಗೆ ಬಿಡು. ಮೇಲಿನ ಪಟ್ಟಿಯೊಳಗೆ 48. ಕೆಳಗಿನ ಪಟ್ಟಿ ಮುಗಿದಲ್ಲಿಂದ ಮೇಲಿನದು ಮುಗಿಯುವ ತನಕ ಖಾಲಿ ಉಳಿದ ಜಾಗವನ್ನು ಚುಕ್ಕಿ ಗೆರೆಯಲ್ಲಿ ತುಂಬಿಸಿ, ಅದರಲ್ಲಿ 15. ಬಲಗಡೆ ಎರಡು ಪಟ್ಟಿಗಳನ್ನೂ ಹಿಡಿಯುವಂತೆ ಒಂದು ದೊಡ್ಡ ಬಳ್ಳಿಕಂಸ ಹಾಕಿ, ಅದರ ಮುಂದೆ ಪ್ರಶ್ನೆ ಚಿಹ್ನೆ. ಲೆಕ್ಕ ಕೇಳಿದ್ದು ಅದನ್ನೇ.

ಇಷ್ಟಾದ ಮೇಲೆ ಲಕ್ಷ್ಮಿಯ ಪಟ್ಟಿಯೊಳಗೆ ಏನೂ ಇಲ್ಲ. ಚಿತ್ರದಲ್ಲಿ ಮಿಕ್ಕ ಎಲ್ಲ ಜಾಗವೂ ತುಂಬಿ, ಅದೊಂದೇ ಬಿಳಿಯಾಗಿ ಉಳಿಯುತ್ತದೆ. ಅಲ್ಲಿ ಒಂದು ಚೌಕ ಬರೆಸು: □. ಕೇಳಿದ್ದಕ್ಕೆ ಪ್ರಶ್ನೆ ಚಿಹ್ನೆ, ಕೇಳದೆ ಬಿಟ್ಟದ್ದಕ್ಕೆ ಚೌಕ. ಎರಡಕ್ಕೂ ಒಂದೇ ಗುರುತು ಹಾಕಿಸಿದರೆ ಎರಡೂ ಕಲಸಿಹೋಗಿ, 33 ಸಿಕ್ಕ ಕೂಡಲೆ ಮಗು ಪೆನ್ಸಿಲ್ ಕೆಳಗಿಡುತ್ತದೆ. ಬೇರೆ ಬೇರೆ ಗುರುತಿದ್ದರೆ, ಚೌಕ ತುಂಬಿದ ಮೇಲೂ ಪ್ರಶ್ನೆ ಚಿಹ್ನೆ ಹಾಗೇ ನಿಂತಿರುವುದು ಕಣ್ಣಿಗೆ ಹೊಡೆಯುತ್ತದೆ.

ಲೆಕ್ಕ ಬರೆಯುವಾಗ ಎರಡು ಸಾಲು ಬೇಕು. 48 − 15 = 33, ಇದು ಲಕ್ಷ್ಮಿಯದು. 48 + 33 = 81, ಇದು ಇಬ್ಬರದು. ಮಕ್ಕಳು ಇದನ್ನು 48 − 15 = 33 + 48 = 81 ಎಂದು ಒಂದೇ ಉಸಿರಿನಲ್ಲಿ ಬರೆಯುತ್ತಾರೆ. ಉತ್ತರ ಸರಿ ಇದೆಯಲ್ಲ ಎಂದು ಬಿಟ್ಟುಬಿಡಬೇಡ. 48ರಲ್ಲಿ 15 ಕಳೆದರೆ 81 ಎಂದು ಆ ಸಾಲು ಹೇಳುತ್ತಿದೆ. ಸಮ ಚಿಹ್ನೆಯನ್ನು ‘ಈಗ ಉತ್ತರ ಬರುತ್ತದೆ’ ಎಂದು ತಿಳಿದ ಮಗು ಮುಂದೆ ಬೀಜಗಣಿತದಲ್ಲಿ ಅದಕ್ಕೆ ಬೆಲೆ ತೆರುತ್ತದೆ. ಸಾಲಿನ ಪಕ್ಕದಲ್ಲಿ ಅದು ಯಾರದು, ಯಾವುದರದು ಎಂದು ಒಂದು ಮಾತು ಬರೆಯುವ ಅಭ್ಯಾಸ ಹಾಕಿಸು. ಈ ರೋಗ ಬಹುಮಟ್ಟಿಗೆ ಅದರಲ್ಲೇ ವಾಸಿಯಾಗುತ್ತದೆ.

ಗುಣಾಕಾರ ಬಂದಾಗ ಪಟ್ಟಿಯ ರೂಪ ಬೇರೆ. ಅಂಗಡಿಯಲ್ಲಿ 4 ಪೊಟ್ಟಣ ಚಿಕ್ಕಿ ಇದೆ, ಪೊಟ್ಟಣಕ್ಕೆ 8. ಅದರಲ್ಲಿ 13 ಚಿಕ್ಕಿ ಮಾರಿದರು, ಉಳಿದದ್ದೆಷ್ಟು? ಇಲ್ಲಿ ಒಂದೇ ಪಟ್ಟಿ ಸಾಕು, ಒಳಗೆ ನಾಲ್ಕು ಸಮ ಮನೆ, ಮನೆಗೆ 8. ಪಟ್ಟಿಯ ಮೇಲೆ ಇಡೀ ಉದ್ದಕ್ಕೆ ಚೌಕ. 13ನ್ನು ಎಲ್ಲಿ ಗುರುತಿಸುತ್ತಾರೆ ನೋಡು. ಕೆಲವರು ಪಟ್ಟಿಯ ಕೊನೆಗೆ ಐದನೇ ಮನೆ ಕಟ್ಟಿ ಅದರಲ್ಲಿ 13 ಬರೆಯುತ್ತಾರೆ, ಪಟ್ಟಿ ಬೆಳೆಯುತ್ತದೆ. ‘ಮಾರಿದ ಮೇಲೆ ಅಂಗಡಿಯಲ್ಲಿ ಚಿಕ್ಕಿ ಜಾಸ್ತಿ ಆಯಿತಾ?’ ಎಂದರೆ ಸಾಕು. 13 ಇರಬೇಕಾದದ್ದು ಪಟ್ಟಿಯ ಒಳಗೇ. ಒಂದು ಮನೆ ಪೂರ್ತಿ, ಎರಡನೇ ಮನೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ಹಾಗೆ ಗೆರೆ ಎಳೆದ ಮಗುವಿಗೆ ಉಳಿದದ್ದು ಎರಡು ಮನೆಗಿಂತ ಹೆಚ್ಚು, ಮೂರಕ್ಕಿಂತ ಕಡಿಮೆ ಎಂದು ಲೆಕ್ಕ ಮಾಡುವ ಮೊದಲೇ ಕಾಣುತ್ತದೆ. ಅಂದರೆ 16 ಮತ್ತು 24ರ ನಡುವೆ. 32 − 13 ಮಾಡುವಾಗ ದಶಕ ಬಿಡಿಸಿಕೊಳ್ಳದೆ, ಚಿಕ್ಕದನ್ನು ದೊಡ್ಡದರಿಂದ ಕಳೆದು 21 ಬರೆದರೆ ಮಾತ್ರ ಈ ಅಂದಾಜು ಹಿಡಿಯುವುದಿಲ್ಲ, ಅದೂ 16 ಮತ್ತು 24ರ ನಡುವೆಯೇ ಇದೆ. ಪಟ್ಟಿ ತೋರುವುದು ಏನು ಮಾಡಬೇಕೆಂದು. ಕಳೆಯುವ ಕೆಲಸ ಕಡ್ಡಿ ಕಟ್ಟುಗಳಲ್ಲಿ ಬೇರೆಯಾಗಿ ಗಟ್ಟಿಯಾಗಬೇಕು.

ಪಟ್ಟಿಯಿಂದ ಎಲ್ಲ ಆಗುತ್ತದೆ ಎಂದು ನಂಬಿ ಕೂರಬೇಡ. 35 ಮಕ್ಕಳು, ಒಂದು ಜೀಪಿಗೆ 8 ಜನ, ಎಷ್ಟು ಜೀಪು ಬೇಕು ಎಂದರೆ ಪಟ್ಟಿಯಲ್ಲಿ ನಾಲ್ಕು ಮನೆ ಆಗಿ 3 ಉಳಿಯುವುದು ಕಾಣುತ್ತದೆ. ಆ ಮೂವರಿಗೂ ಇನ್ನೊಂದು ಜೀಪು ಬೇಕು ಎಂಬುದನ್ನು ಪಟ್ಟಿ ಹೇಳದು, ಬುದ್ಧಿ ಹೇಳಬೇಕು. ಹತ್ತೂಮುಕ್ಕಾಲಿಗೆ ಹೊರಟ ಬಸ್ಸು ಎಷ್ಟು ಹೊತ್ತಿಗೆ ಬಂತು ಎಂಬ ಲೆಕ್ಕಕ್ಕೆ ಗಂಟೆ ಗುರುತು ಹಾಕಿದ ಗೆರೆಯೇ ವಾಸಿ.

ಇನ್ನೊಂದು ಎಚ್ಚರ. ಸ್ವಲ್ಪ ದಿನ ಕಳೆದ ಮೇಲೆ ಕೆಲವು ಮಕ್ಕಳು ಉತ್ತರ ಮೊದಲು ಬರೆದು, ನಿನ್ನ ಸಮಾಧಾನಕ್ಕೆ ಪಟ್ಟಿ ಆಮೇಲೆ ಎಳೆಯುತ್ತಾರೆ. ಗುರುತು ಹಿಡಿಯುವುದು ಸುಲಭ: 48ಕ್ಕೂ 15ಕ್ಕೂ ಒಂದೇ ಉದ್ದದ ಪಟ್ಟಿ ಇರುತ್ತದೆ, ಚೌಕ ಎಲ್ಲೂ ಇರುವುದಿಲ್ಲ. ಇದರ ಇನ್ನೊಂದು ತುದಿಯಲ್ಲಿ ಸ್ಕೇಲ್ ಹಿಡಿದು 48ಕ್ಕೆ ಸರಿಯಾಗಿ ಅಳೆದು, ಉತ್ತರವನ್ನೂ ಸ್ಕೇಲಿನಲ್ಲೇ ಓದುವವರು ಇರುತ್ತಾರೆ. ಇಬ್ಬರಿಗೂ ಒಂದೇ ಮದ್ದು. ಅಂಕಿ ತುಂಬಿದ ಪಟ್ಟಿ ಚಿತ್ರವೊಂದನ್ನು ನೀನೇ ಹಲಗೆಯ ಮೇಲೆ ಬರೆದು, ‘ಇದಕ್ಕೊಂದು ಕಥೆ ಕಟ್ಟಿ’ ಎನ್ನು. ಚಿತ್ರ ಓದಲು ಬಂದವನು ಮಾತ್ರ ಕಥೆ ಕಟ್ಟಬಲ್ಲ.

ನಿನ್ನದು ನಲಿಕಲಿ ಕೊಠಡಿಯಾದರೆ ಒಂದನೆಯ, ಎರಡನೆಯ ತರಗತಿಯವರೂ ಅಲ್ಲೇ ಕೂತಿರುತ್ತಾರೆ. ಅವರಿಗೆ ಬಣ್ಣದ ಕಾಗದದ ಪಟ್ಟಿ ಕತ್ತರಿಸಿ ಕೊಟ್ಟು, ಪಕ್ಕ ಪಕ್ಕ ಇಟ್ಟು ಯಾವುದು ಎಷ್ಟು ಉದ್ದ ಎಂದು ಆಡಲು ಬಿಡು. ಮೂರಕ್ಕೆ ಬಂದಾಗ ಗೆರೆಯ ಪಟ್ಟಿ ಅವರಿಗೆ ಹೊಸದಾಗಿರುವುದಿಲ್ಲ.

ಕಿರುಪರೀಕ್ಷೆಯಲ್ಲಿ ಅಂಕ ಹಾಕುವುದು ನಿನ್ನ ಕೈಯಲ್ಲೇ ಇದ್ದರೆ, ನಾಲ್ಕು ಅಂಕದ ಲೆಕ್ಕದಲ್ಲಿ ಎರಡನ್ನು ಚಿತ್ರಕ್ಕೇ ಇಡು. ಲಕ್ಷ್ಮಿಯ ಪಟ್ಟಿಯನ್ನು ಗಿಡ್ಡವಾಗಿ ಬರೆದು, ಕೊನೆಯಲ್ಲಿ ಕೂಡುವಾಗ ತಪ್ಪಿ 71 ಬರೆದ ಮಗುವಿಗೆ ಸೊನ್ನೆ ಹಾಕಬೇಡಮ್ಮ.