ಮಗಳ ಕಾಫಿ ಲೋಟ ಮತ್ತು ಕಬ್ಬಿಣದ ಮಾತ್ರೆ

ಪ್ರಶ್ನೆ: ನಮ್ಮದು ಕೆಮ್ಮಣ್ಣು. ಮಗಳಿಗೆ ಹದಿಮೂರು ವರ್ಷ ನಾಲ್ಕು ತಿಂಗಳು, ಎಂಟನೇ ತರಗತಿ. ಬೆಳಿಗ್ಗೆ ತಿಂಡಿಯ ಜೊತೆ ಒಂದು ಲೋಟ, ಸಂಜೆ ಶಾಲೆಯಿಂದ ಬಂದ ಮೇಲೆ ಒಂದು ಲೋಟ ಕಾಫಿ ಅವಳಿಗೆ ಬೇಕೇ ಬೇಕು. ಕಾಫಿ ಕುಡಿದರೆ ಮಕ್ಕಳು ಎತ್ತರ ಬೆಳೆಯುವುದಿಲ್ಲ ಎಂದು ಅತ್ತೆ ದಿನಾ ಹೇಳುತ್ತಾರೆ. ಅವಳೀಗ 149 ಸೆಂಟಿಮೀಟರ್. ಕಳೆದ ವರ್ಷ ಇದೇ ಹೊತ್ತಿಗೆ 144 ಇದ್ದಳು. ನಾನು 151, ಇವರು 165. ನಾದಿನಿ ಹಲ್ಲು ಕಪ್ಪಾಗುತ್ತದೆ ಎನ್ನುತ್ತಾಳೆ, ನನ್ನ ಹಲ್ಲಿನ ಒಳಬದಿಯಲ್ಲಿ ಕಂದು ಕಲೆ ಇರುವುದಂತೂ ನಿಜ. ಇವರು ಬಿಸಿಲಿನಲ್ಲಿ ತೋಟದ ಕೆಲಸ ಮಾಡುತ್ತಾ ದಿನಕ್ಕೆ ನಾಲ್ಕೈದು ಸಲ ಕಾಫಿ ಕುಡಿಯುತ್ತಾರೆ. ಅದು ಮೈಯ ನೀರನ್ನೆಲ್ಲ ಹೊರಹಾಕುತ್ತದಂತೆ, ಹೌದೇ? ಇನ್ನೊಂದು ವಿಷಯ. ಮಗಳಿಗೆ ರಕ್ತ ಕಡಿಮೆ, 11.1 ಇದೆ ಎಂದು ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟು ಎರಡು ತಿಂಗಳಾಯಿತು. ತಿಂಡಿ ಆದ ಕೂಡಲೇ ತಪ್ಪದೆ ಕೊಡುತ್ತಿದ್ದೇನೆ. ಮೊನ್ನೆ ನೋಡಿಸಿದರೆ 11.3. ಮೆಟ್ಟಿಲು ಹತ್ತಿದರೆ ಈಗಲೂ ಏದುಸಿರು. ಕಾಫಿ ಪೂರ್ತಿ ನಿಲ್ಲಿಸಬೇಕೇ?

ಉತ್ತರ: ಪ್ರಿಯ ತಂಗಿ, ನೀವು ಮೂರು ಭಯ ಬರೆದು ಕೊನೆಯಲ್ಲಿ ‘ಇನ್ನೊಂದು ವಿಷಯ’ ಎಂದು ಸೇರಿಸಿದ್ದೀರಲ್ಲ, ನನಗೆ ಚಿಂತೆ ಹತ್ತಿದ್ದು ಅದನ್ನು ಓದಿದಾಗ. ಮೊದಲಿನ ಮೂರಕ್ಕೂ ಉತ್ತರ ಹೇಳಿ ಅಲ್ಲಿಗೆ ಬರುತ್ತೇನೆ.

ಅತ್ತೆಯ ಮಾತಿನಿಂದ ತೊಡಗುತ್ತೇನೆ. ಎತ್ತರಕ್ಕೂ ಕಾಫಿಗೂ ನಂಟಿದೆ ಎಂದು ತೋರಿಸಿದ ಸಂಶೋಧನೆ ಇಲ್ಲ. ಈ ಭಯ ಪರದೇಶಗಳಲ್ಲೂ ಹಳೆಯದೇ. 1895ರಲ್ಲಿ ಅಮೆರಿಕದ ಸಿ. ಡಬ್ಲ್ಯು. ಪೋಸ್ಟ್ ಎಂಬಾತ ಗೋಧಿ ಹುರಿದು ಮಾಡಿದ ‘ಪೋಸ್ಟಮ್’ ಎಂಬ ಪುಡಿಯನ್ನು ಕಾಫಿಗೆ ಬದಲಿಯಾಗಿ ಮಾರತೊಡಗಿದ. ಕಾಫಿ ಆರೋಗ್ಯಕ್ಕೆ, ಅದರಲ್ಲೂ ಮಕ್ಕಳಿಗೆ, ಕೆಡುಕು ಎಂದು ವರ್ಷಗಟ್ಟಲೆ ಜಾಹೀರಾತು ಕೊಟ್ಟ. ಕಾಫಿ ಸುಣ್ಣದ ಅಂಶವನ್ನು ಮೂತ್ರದಲ್ಲಿ ತುಸು ಹೆಚ್ಚು ಹೊರಹಾಕುತ್ತದೆ ಎಂಬುದು ಆಮೇಲೆ ತಿಳಿದುಬಂತು, ಹಾಗಾಗಿ ಮೂಳೆಯ ಭಯವೂ ಸೇರಿಕೊಂಡಿತು. ಆದರೆ ಆ ನಷ್ಟ ಎಷ್ಟೆಂದರೆ, ಲೋಟಕ್ಕೆ ಒಂದೆರಡು ಚಮಚ ಹಾಲು ಹಾಕಿದರೆ ತುಂಬಿಹೋಗುವಷ್ಟು. ನಮ್ಮ ಕಡೆಯ ಕಾಫಿಯಲ್ಲಿ ಹಾಲೇ ಅರ್ಧಕ್ಕಿಂತ ಹೆಚ್ಚು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 81 ಹುಡುಗಿಯರನ್ನು ಹನ್ನೆರಡನೇ ವಯಸ್ಸಿನಿಂದ ಹದಿನೆಂಟರ ತನಕ ಗಮನಿಸಿದ್ದರು. ಕೆಫೀನ್ ಹೆಚ್ಚು ಸೇವಿಸಿದವರ ಮೂಳೆಯೂ ಕಡಿಮೆ ಸೇವಿಸಿದವರ ಮೂಳೆಯೂ ಒಂದೇ ರೀತಿ ಗಟ್ಟಿಯಾಗಿದ್ದವು.

ನಿಮ್ಮ ಮಗಳ ಲೆಕ್ಕವನ್ನೇ ಹಾಕಿ ನೋಡೋಣ. ಹುಡುಗಿಯ ಎತ್ತರ ಅಂದಾಜಿಸಲು ಮಕ್ಕಳ ವೈದ್ಯರು ಬಳಸುವ ಸುಲಭದ ಸೂತ್ರವೊಂದಿದೆ: ತಂದೆಯ ಎತ್ತರದಿಂದ 13 ಕಳೆದು, ತಾಯಿಯದನ್ನು ಕೂಡಿಸಿ, ಎರಡರಿಂದ ಭಾಗಿಸುವುದು. 165ರಿಂದ 13 ಕಳೆದರೆ 152, ಅದಕ್ಕೆ 151 ಸೇರಿಸಿದರೆ 303, ಅರ್ಧ ಮಾಡಿದರೆ 151.5. ಇದರಿಂದ ಎಂಟು ಸೆಂಟಿಮೀಟರ್ ಆಚೀಚೆ ಆದರೂ ಸಹಜವೇ. ಹದಿಮೂರಕ್ಕೇ 149 ಮುಟ್ಟಿದ್ದಾಳೆ, ಒಂದೇ ವರ್ಷದಲ್ಲಿ ಐದು ಸೆಂಟಿಮೀಟರ್ ಬೆಳೆದಿದ್ದಾಳೆ. ಅವಳ ಬೆಳವಣಿಗೆ ಎಲ್ಲೂ ನಿಂತಿಲ್ಲ. ಈ ಲೆಕ್ಕವನ್ನು ಅತ್ತೆಯವರಿಗೂ ಒಂದು ಚೀಟಿಯಲ್ಲಿ ಬರೆದು ತೋರಿಸಿ.

ಇನ್ನು ಹಲ್ಲು. ನಾದಿನಿಯ ಮಾತು ಸುಳ್ಳಲ್ಲ. ಹಲ್ಲಿನ ಮೇಲೆ ಜೊಲ್ಲಿನಿಂದಾದ ಕಣ್ಣಿಗೆ ಕಾಣದಷ್ಟು ತೆಳು ಪೊರೆ ಸದಾ ಇರುತ್ತದೆ. ಕಾಫಿ, ಚಾ, ಎಲೆ-ಅಡಿಕೆಯ ಬಣ್ಣ ಅಂಟಿಕೊಳ್ಳುವುದು ಅದಕ್ಕೆ. ಇದರಲ್ಲಿ ಚಾ ಸಾಮಾನ್ಯವಾಗಿ ಕಾಫಿಗಿಂತ ಮುಂದು. ಹಾಲಿನಲ್ಲಿರುವ ಪ್ರೋಟೀನು ಬಣ್ಣದ ಅಂಶವನ್ನು ಹಿಡಿದುಕೊಳ್ಳುವುದರಿಂದ ಹಾಲು ಹಾಕಿದ್ದು ಕಡಿಮೆ ಕಲೆ ಮಾಡುತ್ತದೆ. ಇದು ಮೇಲ್ಮೈಯ ಕಲೆ, ಹಲ್ಲನ್ನು ಹಾಳುಮಾಡುವಂಥದ್ದಲ್ಲ. ನಿಮ್ಮ ಕೆಳಗಿನ ಮುಂಭಾಗದ ಹಲ್ಲುಗಳ ಒಳಬದಿಯನ್ನು ನಾಲಗೆಯ ತುದಿಯಿಂದ ಸವರಿ ನೋಡಿ. ಒರಟಾಗಿದ್ದರೆ ಅಲ್ಲಿ ಕಿಟ್ಟ ಗಟ್ಟಿಯಾಗಿ ಕೂತಿದೆ, ಕಾಫಿಯ ಬಣ್ಣ ಹಿಡಿದಿರುವುದು ಆ ಕಿಟ್ಟಕ್ಕೆ. ಅದು ಬ್ರಷ್ಷಿಗೆ ಹೋಗದು. ಮಣಿಪಾಲದ ದಂತ ಕಾಲೇಜಿನಲ್ಲೋ ಹತ್ತಿರದ ದಂತ ವೈದ್ಯರಲ್ಲೋ ಒಮ್ಮೆ ಹಲ್ಲು ಕ್ಲೀನ್ ಮಾಡಿಸಿಕೊಳ್ಳಿ. ಉಪ್ಪು, ಇದ್ದಿಲಪುಡಿ ಹಾಕಿ ಉಜ್ಜಬೇಡಿ. ಬಿಳಿ ಪದರ ಸವೆದರೆ ಒಳಗಿನ ಹಳದಿ ಕಾಣುತ್ತದೆ, ಅದನ್ನು ಮರಳಿ ತರಲಾಗದು. ಕಾಫಿ ಕುಡಿದ ಮೇಲೆ ಬಾಯಿ ಮುಕ್ಕಳಿಸಿದರೆ ಸಾಕು.

ನಿಮ್ಮ ಯಜಮಾನರ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಕೆಫೀನ್ ಮೂತ್ರ ಹೆಚ್ಚಿಸುತ್ತದೆ ಎಂಬ ಮಾತಿಗೆ ಬಹುಕಾಲ ಆಧಾರವಾಗಿದ್ದುದು 1928ರ ಒಂದು ಪ್ರಯೋಗ, ಅದರಲ್ಲಿದ್ದವರು ಮೂವರೇ. 2014ರಲ್ಲಿ ಇಂಗ್ಲೆಂಡಿನ ಬರ್ಮಿಂಗ್ಹ್ಯಾಮ್ ವಿಶ್ವವಿದ್ಯಾಲಯದವರು ಕಾಫಿಯ ರೂಢಿಯಿದ್ದ ಐವತ್ತು ಗಂಡಸರಿಗೆ ಮೂರು ದಿನ ದಿನಕ್ಕೆ ನಾಲ್ಕು ಲೋಟ ಕಾಫಿ, ಇನ್ನು ಮೂರು ದಿನ ಅಷ್ಟೇ ನೀರು ಕೊಟ್ಟರು. ಮೈಯಲ್ಲಿ ಉಳಿದ ನೀರಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ರೂಢಿ ಇರುವವರಿಗೆ ಕಾಫಿಯೂ ನೀರಿನ ಲೆಕ್ಕಕ್ಕೇ ಸೇರುತ್ತದೆ. ಆದರೆ ಏಪ್ರಿಲ್-ಮೇ ತಿಂಗಳ ನಮ್ಮ ಕರಾವಳಿಯ ಸೆಖೆಯಲ್ಲಿ ತೋಟದಲ್ಲಿ ದುಡಿಯುವವರು ಬೆವರಿನಲ್ಲಿ ಕಳೆದುಕೊಳ್ಳುವುದನ್ನು ಐದು ಸಣ್ಣ ಲೋಟ ಕಾಫಿ ತುಂಬಿಕೊಡಲಾರದು. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದೇ ಅರ್ಥ. ಉಪ್ಪು ಹಾಕಿದ ಮಜ್ಜಿಗೆಯೋ ಗಂಜಿತಿಳಿಯೋ ತೋಟಕ್ಕೆ ಕಳಿಸಿಕೊಡಿ.

ಈಗ ಮಗಳ ರಕ್ತದ ವಿಷಯ.

ಬಾಳೆಕಾಯಿಯನ್ನೋ ಬಾಳೆಯ ಹೂವನ್ನೋ ಮೆಟ್ಟುಕತ್ತಿಯಲ್ಲಿ ಹೆಚ್ಚುವಾಗ ಅಲಗು ಕಪ್ಪಾಗುವುದನ್ನು ನೀವು ನೋಡಿಯೇ ಇರುತ್ತೀರಿ. ಕಾಯಿಯ ಒಗರು ಅಲಗಿನ ಕಬ್ಬಿಣವನ್ನು ಹಿಡಿದುಕೊಂಡಾಗ ಬರುವ ಬಣ್ಣ ಅದು. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಹಿಂದಿನವರು ಮಸಿ ಮಾಡುತ್ತಿದ್ದುದೂ ಇದರಿಂದಲೇ. ಕಾಫಿಯಲ್ಲೂ ಚಾದಲ್ಲೂ ಇದೇ ಜಾತಿಯ ಒಗರು ಇದೆ. ತಿಂಡಿಯ ಜೊತೆ ಕಾಫಿ ಕುಡಿದು ಅದರ ಬೆನ್ನಿಗೇ ಮಾತ್ರೆ ನುಂಗಿದರೆ ಹೊಟ್ಟೆಯೊಳಗೆ ಒಗರು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಹಾಗೆ ಸಿಕ್ಕಿಕೊಂಡ ಕಬ್ಬಿಣ ರಕ್ತಕ್ಕೆ ಸೇರದೆ ಮಲದಲ್ಲಿ ಹೊರಟುಹೋಗುತ್ತದೆ. ನೀವು ತಪ್ಪದೆ ಕೊಟ್ಟ ಮಾತ್ರೆಯ ಹೆಚ್ಚಿನ ಭಾಗ ಹೀಗೆ ಹೋಗಿರುವ ಸಂಭವವಿದೆ.

ಇದನ್ನು ಅಳೆದು ನೋಡಿದ್ದಾರೆ. ಕಬ್ಬಿಣ ಕಡಿಮೆಯಿದ್ದ ಮಹಿಳೆಯರಿಗೆ ಸ್ವಿಟ್ಜರ್ಲೆಂಡಿನಲ್ಲಿ ಮಾತ್ರೆಯನ್ನು ಬೇರೆಬೇರೆ ರೀತಿಯಲ್ಲಿ ಕೊಟ್ಟು ನೋಡಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಬರೀ ನೀರಿನಲ್ಲಿ ನುಂಗಿದ್ದಕ್ಕೆ ಹೋಲಿಸಿದರೆ ಕಾಫಿಯ ಜೊತೆ ನುಂಗಿದಾಗ ರಕ್ತಕ್ಕೆ ಸೇರಿದ್ದು ಅರ್ಧಕ್ಕಿಂತ ಕಡಿಮೆ. ತಿಂಡಿ, ಕಾಫಿ ಎರಡರ ಜೊತೆಗೂ ನುಂಗಿದಾಗ ಮೂರರಲ್ಲಿ ಒಂದು ಪಾಲು ಮಾತ್ರ. ಸಿ ವಿಟಮಿನ್ ಜೊತೆಗಿದ್ದಾಗ ನೀರಿಗಿಂತಲೂ ಸುಮಾರು ಮೂರನೇ ಒಂದರಷ್ಟು ಹೆಚ್ಚು. ಊಟದಲ್ಲಿರುವ ಕಬ್ಬಿಣದ್ದೂ ಇದೇ ಪಾಡು. 1983ರ ಒಂದು ಪ್ರಯೋಗದಲ್ಲಿ ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ಏನೂ ಅಡ್ಡಿ ಮಾಡಲಿಲ್ಲ. ಆದರೆ ಊಟವಾದ ಒಂದು ಗಂಟೆಗೆ ಕುಡಿದದ್ದು ಜೊತೆಯಲ್ಲೇ ಕುಡಿದಷ್ಟು ಅಡ್ಡಿ ಮಾಡಿತು. ಊಟದ ಹಿಂದೆಮುಂದೆ ಕನಿಷ್ಠ ಒಂದು ಗಂಟೆ ಕಾಫಿ-ಚಾ ಬೇಡ ಎಂದು ನಮ್ಮ ಐಸಿಎಂಆರ್ 2024ರ ಆಹಾರ ಮಾರ್ಗಸೂಚಿಯಲ್ಲಿ ಹೇಳಿದೆ. ಊಟದ ಮೇಲಿನದನ್ನು ಎರಡು ಗಂಟೆ ತಳ್ಳಿದರೆ ಇನ್ನೂ ಒಳ್ಳೆಯದು.

ಹಾಗಾಗಿ ಕಾಫಿ ಪೂರ್ತಿ ನಿಲ್ಲಿಸಿ ಎನ್ನುವುದಿಲ್ಲ, ಬೆಳಗಿನದನ್ನು ಬಿಡಿಸಿ ಎನ್ನುತ್ತೇನೆ. ಬೆಳಿಗ್ಗೆ ಎದ್ದು ಮುಖ ತೊಳೆದ ಕೂಡಲೇ ಖಾಲಿ ಹೊಟ್ಟೆಗೆ ಅರ್ಧ ಲಿಂಬೆಹಣ್ಣು ಹಿಂಡಿದ ನೀರಿನಲ್ಲಿ ಮಾತ್ರೆ ಕೊಡಿ. ತಿಂಡಿ ಒಂದು ಗಂಟೆಯ ನಂತರ ಇರಲಿ, ಅದರ ಜೊತೆ ಕಾಫಿಯೂ ಬೇಡ, ಚಾ ಕೂಡ ಬೇಡ. ಖಾಲಿ ಹೊಟ್ಟೆಗೆ ವಾಕರಿಕೆ ಬಂದರೆ ಎರಡು ತುತ್ತು ತಿಂದ ಮೇಲೆ ಕೊಡಬಹುದು, ಹಾಲಿನ ಜೊತೆ ಮಾತ್ರ ಬೇಡ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯಿಂದ. ಮಧ್ಯಾಹ್ನ, ರಾತ್ರಿ ಊಟಕ್ಕೆ ಬೂತಾಯಿಯೋ ಬಂಗುಡೆಯೋ ಇದ್ದರೆ ಹರಿವೆ, ಹೆಸರುಕಾಳಿನ ಕಬ್ಬಿಣವನ್ನೂ ಮೈ ಚೆನ್ನಾಗಿ ಹೀರಿಕೊಳ್ಳುತ್ತದೆ. ಮೀನು ತಿನ್ನದ ಮನೆಯಾದರೆ ಊಟದ ಜೊತೆ ನೆಲ್ಲಿಕಾಯಿ, ಪೇರಳೆ, ಲಿಂಬೆ ಆ ಕೆಲಸ ಮಾಡುತ್ತವೆ.

ಸಂಜೆ ನಾಲ್ಕೂವರೆಯ ಲೋಟ ಇರಲಿ. ರಾತ್ರಿ ಊಟ ಎಂಟೂವರೆಗೆ ಎಂದಾದರೆ ಕಬ್ಬಿಣಕ್ಕೆ ಅಡ್ಡಿಯಿಲ್ಲ. ಡಿಕಾಕ್ಷನ್ ಕಡಿಮೆ ಇರಲಿ. ಚಿಕೋರಿಯಲ್ಲಿ ಕೆಫೀನ್ ಇರುವುದಿಲ್ಲ, ಆದ್ದರಿಂದ ಚಿಕೋರಿ ಹೆಚ್ಚಿರುವ ಪುಡಿಯೇ ಅವಳಿಗೆ ವಾಸಿ. ಸಂಜೆ ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಐದು ಗಂಟೆಯ ನಂತರವೂ ರಕ್ತದಲ್ಲಿರುತ್ತದೆ. ಐದೂವರೆಯ ನಂತರ ಕುಡಿದು ರಾತ್ರಿ ಹನ್ನೊಂದಾದರೂ ನಿದ್ದೆ ಬಾರದೆ ಹೊರಳಾಡಿದರೆ, ಬೆಳಿಗ್ಗೆ ಏಳಲಾಗದೆ ಮತ್ತೆ ಕಾಫಿ ಕೇಳುತ್ತಾಳೆ. ಹಾಗಾಗುತ್ತಿದ್ದರೆ ಸಂಜೆಯದಕ್ಕೂ ಬದಲಾಗಿ ಕೊತ್ತಂಬರಿ-ಜೀರಿಗೆಯ ಕಷಾಯ ಮಾಡಿ ಕೊಡಿ. ಬೆಳಗಿನ ಕಾಫಿ ಬಿಟ್ಟ ಮೊದಲ ಎರಡು-ಮೂರು ದಿನ ತಲೆನೋವು ಬರಬಹುದು. ಒಮ್ಮೆಲೇ ಬಿಡಿಸದೆ ವಾರದಲ್ಲಿ ಅರ್ಧ ಲೋಟ, ಕಾಲು ಲೋಟ ಎಂದು ಇಳಿಸಿ. ಆ ವಾರ ಮಾತ್ರೆಯನ್ನು ಕಾಫಿಗೆ ಒಂದು ಗಂಟೆ ಮೊದಲೇ ಕೊಟ್ಟುಬಿಡಿ.

ಹೀಗೆ ಕೊಟ್ಟರೆ ತಿಂಗಳಲ್ಲಿ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಏರಬೇಕು. ನಿಮ್ಮ ಮಗಳಿಗೆ ಎರಡು ತಿಂಗಳಲ್ಲಿ ಏರಿದ್ದು 0.2 ಮಾತ್ರ. ಅವಳ ವಯಸ್ಸಿಗೆ 12 ಮುಟ್ಟಿರಬೇಕು. ಮುಟ್ಟಿದ ಮೇಲೂ ಮಾತ್ರೆ ನಿಲ್ಲಿಸಬೇಡಿ, ಮೈಯಲ್ಲಿ ದಾಸ್ತಾನು ತುಂಬಲು ಡಾಕ್ಟರು ಹೇಳಿದಷ್ಟು ತಿಂಗಳು ಮುಂದುವರಿಸಬೇಕು. ಸರಿಯಾದ ಹೊತ್ತಿಗೆ ಕೊಟ್ಟೂ ತಿಂಗಳ ನಂತರ ಏರದಿದ್ದರೆ ಕಾಫಿಯನ್ನು ದೂರುತ್ತಾ ಕೂರಬೇಡಿ. ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚೇ, ಹೊಟ್ಟೆಹುಳು ಇದೆಯೇ, ಬಿ12 ಕೊರತೆಯೇ, ಹುಟ್ಟಿನಿಂದ ಬಂದ ಥಲಸ್ಸೇಮಿಯಾ ಗುಣವಿದೆಯೇ ಎಂದು ಪರೀಕ್ಷೆ ಮಾಡಿಸಬೇಕಾಗುತ್ತದೆ. ಮುಟ್ಟು ಎಷ್ಟು ದಿನ ಇರುತ್ತದೆ, ದಿನಕ್ಕೆ ಎಷ್ಟು ಪ್ಯಾಡ್ ಬೇಕಾಗುತ್ತದೆ ಎಂದು ಮಗಳನ್ನು ಹತ್ತಿರ ಕೂರಿಸಿಕೊಂಡು ಇವತ್ತೇ ಕೇಳಿ, ಡಾಕ್ಟರು ಮೊದಲು ಕೇಳುವುದು ಅದನ್ನೇ. ಈಗಿನ ಏದುಸಿರು ಹೆಚ್ಚಾದರೆ ತಿಂಗಳು ಕಾಯದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.

ನಾಳೆ ಬೆಳಗಿನಿಂದಲೇ ಮಾತ್ರೆಯ ಹೊತ್ತು ಬದಲಿಸಿ, ತಿಂಗಳು ಕಳೆದ ಮೇಲೆ ರಕ್ತ ಪರೀಕ್ಷೆ ಮಾಡಿಸಿ ಅಂಕಿಯನ್ನು ನನಗೆ ಬರೆದು ತಿಳಿಸಿ.