ಪ್ರಸ್ತಾವನೆಯೊಡನೆ ಹೋಗುವ ಪತ್ರ

ಬರಿಯ ದರಪಟ್ಟಿ ಕೇಳುವುದು ಬೇರೆ, ಪ್ರಸ್ತಾವನೆ ಕೇಳುವುದು ಬೇರೆ. ಮೊದಲನೆಯದರಲ್ಲಿ ಕೊಳ್ಳುವವರು ವಸ್ತುವನ್ನು ಹೆಸರಿಸಿ ಅದರ ಬೆಲೆಯನ್ನಷ್ಟೇ ಕೇಳುತ್ತಾರೆ. ಎರಡನೆಯದರಲ್ಲಿ ತಮ್ಮ ಅಗತ್ಯಗಳನ್ನು ವಿವರಿಸಿ, ಅವನ್ನು ಹೇಗೆ, ಎಷ್ಟು ದಿನಗಳಲ್ಲಿ, ಯಾವ ದರಕ್ಕೆ ಪೂರೈಸುವಿರಿ ಎಂದು ವಿಚಾರಿಸುತ್ತಾರೆ. ಕಚೇರಿಗಳಲ್ಲಿ ಇದಕ್ಕೆ ಆರ್.ಎಫ್.ಪಿ. ಎಂದು ಹೆಸರು. ಇದಕ್ಕೆ ಕೊಡುವ ಉತ್ತರದೊಡನೆ ಕಳುಹಿಸುವ ಇ-ಮೇಲ್ ಪತ್ರವನ್ನು ಕುರಿತು, ನಾನೇ ಮಾಡಿದ ಒಂದು ತಪ್ಪಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಾಯಿಯವರು ನಮ್ಮೂರಿನ ಹೊಲಿಗೆ ಸಂಘವೊಂದರ ಸದಸ್ಯರು. ಸಂಘದಲ್ಲಿ ಹನ್ನೆರಡು ಮಂದಿ ಹೆಂಗಸರಿದ್ದಾರೆ. ಖಾಸಗಿ ವಸತಿಶಾಲೆಯೊಂದು 420 ಮಕ್ಕಳಿಗೆ ತಲಾ ಎರಡು ಜೊತೆ ಸಮವಸ್ತ್ರ ಹೊಲಿಸಲು ಪ್ರಸ್ತಾವನೆಗಳನ್ನು ಕರೆಯಿತು. ಬಟ್ಟೆ ಶಾಲೆಯದು. ಬಟ್ಟೆ ಕೈಸೇರಿದ 40 ದಿನಗಳೊಳಗೆ ಕೆಲಸ ಮುಗಿಯಬೇಕು. ಮಕ್ಕಳು ಬೆಳೆದಂತೆ ಉದ್ದ ಬಿಚ್ಚಿಕೊಳ್ಳಲು ಅಂಚಿನಲ್ಲಿ ಮಡಿಕೆ ಬಿಡಬೇಕು. ಅಳತೆ ಕೂಡದ ಉಡುಪುಗಳನ್ನು ಶಾಲೆಗೇ ಬಂದು ಸರಿಪಡಿಸಬೇಕು. ಇವು ಅವರ ಮುಖ್ಯ ಅಗತ್ಯಗಳು. ಓದಿದವನೆಂದು ಪತ್ರ ಬರೆಯುವ ಭಾರ ನನ್ನ ಮೇಲೆ ಬಿತ್ತು.

ನಾನು ಮೊದಲು ಬರೆದ ಪತ್ರದಲ್ಲಿ ಸಂಘದ ಹುಟ್ಟು, ಬೆಳವಣಿಗೆ, ಗುಣಮಟ್ಟದ ಹೊಗಳಿಕೆಗಳೇ ತುಂಬಿದ್ದವು. ಕೊನೆಗೆ “ಒಂದು ತಿಂಗಳಲ್ಲಿ ಪೂರೈಸುತ್ತೇವೆ” ಎಂದಿದ್ದೆ. ಅದನ್ನು ಓದಿ ಹೇಳಿದಾಗ ತಾಯಿಯವರು, “ಭಾನುವಾರ ನಾವು ಹೊಲಿಯೋದಿಲ್ಲವಲ್ಲಪ್ಪ, ಒಂದು ತಿಂಗಳು ಅಂತ ಹೇಗೆ ಬರೆದೆ?” ಎಂದು ಕೇಳಿದರು.

ಲೆಕ್ಕ ಹಾಕಿದೆವು. ಒಟ್ಟು 840 ಜೊತೆ. ಒಬ್ಬರು ದಿನಕ್ಕೆ ಮೂರರಂತೆ ಹನ್ನೆರಡು ಮಂದಿ 36 ಜೊತೆ ಹೊಲಿಯಬಲ್ಲರು. ಅಂದರೆ 24 ದಿನ. ಮೊದಲು ಕತ್ತರಿಸಲು ಮೂರು ದಿನ, ಕಡೆಗೆ ಗುಂಡಿ ಹಚ್ಚಿ ಇಸ್ತ್ರಿ ಮಾಡಲು ಮೂರು ದಿನ. ಹೀಗೆ 30 ಕೆಲಸದ ದಿನಗಳು. ಭಾನುವಾರಗಳನ್ನು ಕೂಡಿಸಿದರೆ ಐದು ವಾರ. ಪ್ರಸ್ತಾವನೆಯಲ್ಲಿ ಸರಿಯಾಗಿಯೇ ಇತ್ತು. ಪತ್ರ ಅದಕ್ಕೆ ವಿರುದ್ಧವಾಗಿ ಐದು ದಿನ ಮೊದಲೇ ಕೊಡುವ ವಚನವಿತ್ತಿತ್ತು. ಮುಂದೆ ವಿವಾದ ಬಂದರೆ ಶಾಲೆಯವರು ನನ್ನ ಪತ್ರವನ್ನೇ ಎತ್ತಿ ತೋರಿಸಬಹುದಿತ್ತು. ಪ್ರಸ್ತಾವನೆಯಲ್ಲಿಲ್ಲದ ಯಾವ ಮಾತೂ ಪತ್ರದಲ್ಲಿರಬಾರದೆಂಬುದು ಆಗ ಮನವರಿಕೆಯಾಯಿತು.

ಎರಡನೆಯ ಕರಡನ್ನು ನಮ್ಮ ಅಧ್ಯಾಪಕರೊಬ್ಬರಿಗೆ ತೋರಿಸಿದೆ. “ನಿಮ್ಮ ವಿಚಾರ ಬಂತು. ಅವರು ಕೇಳಿದ್ದಕ್ಕೆ ಉತ್ತರ ಎಲ್ಲಿದೆ?” ಎಂದರು. ಬಳಿಕ ಕಳುಹಿಸಿದ ಪತ್ರ ಹೀಗಿತ್ತು:

“ವಿಷಯ: ಸಮವಸ್ತ್ರ ಹೊಲಿಗೆ – ತಮ್ಮ ಕೋರಿಕೆಗೆ ನಮ್ಮ ಪ್ರಸ್ತಾವನೆ.

ಮಾನ್ಯರೆ, 420 ಮಕ್ಕಳ ಉಡುಪು 40 ದಿನಗಳಲ್ಲಿ ಸಿದ್ಧವಾಗಬೇಕೆಂದು ತಾವು ಕೇಳಿದ್ದೀರಿ. ಬಟ್ಟೆ ದೊರೆತ ಐದು ವಾರಗಳಲ್ಲಿ ಕೊಡುತ್ತೇವೆ; ದಿನವಾರು ಯೋಜನೆ 3ನೆಯ ಪುಟದಲ್ಲಿದೆ. ಎಲ್ಲ ಅಂಚುಗಳಲ್ಲಿ ಎರಡು ಅಂಗುಲ ಮಡಿಕೆ ಬಿಡುತ್ತೇವೆ (ಪುಟ 4). ವಿತರಣೆಯ ನಂತರದ ವಾರದಲ್ಲಿ ಇಬ್ಬರು ಸದಸ್ಯೆಯರು ಯಂತ್ರಸಹಿತ ತಮ್ಮಲ್ಲಿಗೇ ಬಂದು ಅಳತೆ ಸರಿಪಡಿಸುವರು (ಪುಟ 5). ಹಿಂದಿನ ಮೂರು ಕೆಲಸಗಳ ವಿವರ ಕೇಳಿದ್ದೀರಿ. ಈ ಪ್ರಮಾಣದ ಒಂದೇ ಕೆಲಸ ಮಾಡಿದ್ದೇವೆ, ಅದರ ಪತ್ರ 6ನೆಯ ಪುಟದಲ್ಲಿದೆ. ದರವನ್ನು ತಾವು ಸೂಚಿಸಿದಂತೆ ಪ್ರತ್ಯೇಕ ಕಡತದಲ್ಲಿಟ್ಟಿದ್ದೇವೆ. ಲಗತ್ತುಗಳು ಎರಡು.”

ಇಲ್ಲಿ ಒಂದೊಂದು ವಾಕ್ಯವೂ ಅವರ ಅಗತ್ಯವೊಂದಕ್ಕೆ ಉತ್ತರವಾಗಿದೆ. ಪುಟಸಂಖ್ಯೆ ಇರುವುದರಿಂದ ಅವರು ಹುಡುಕಬೇಕಾಗಿಲ್ಲ. ದರವನ್ನು ಬೇರೆಯಾಗಿ ಕೇಳಿದ್ದಾಗ ಪತ್ರದಲ್ಲಿ ಅದನ್ನು ಬಾಯಿಬಿಟ್ಟರೆ ಪ್ರಸ್ತಾವನೆಯೇ ತಿರಸ್ಕೃತವಾಗಬಹುದು. ಕೊರತೆಯ ಮಾತನ್ನು ತೆಗೆಯಲು ಸಂಘದಲ್ಲಿ ಕೆಲವರು ಹೇಳಿದರು. ಆದರೆ ಪ್ರಸ್ತಾವನೆಯನ್ನು ಓದುವವರಿಗೆ ಅದು ಹೇಗೂ ಕಾಣುವುದು. ನಾವೇ ಹೇಳಿದರೆ ಅದು ಮುಚ್ಚಿಟ್ಟ ದೋಷವಾಗುವುದಿಲ್ಲ.

ಗಡುವಿನ ಹಿಂದಿನ ದಿನವೇ ಪತ್ರ ಕಳುಹಿಸಿದೆವು. ನಾವು ಕಳುಹಿಸಿದ ಗಳಿಗೆಯಲ್ಲ, ಅವರಿಗೆ ತಲುಪಿದ ಗಳಿಗೆ ಲೆಕ್ಕಕ್ಕೆ ಬರುವುದೆಂದು ಕೋರಿಕೆಯಲ್ಲೇ ಇತ್ತು. ಕಡತ ದೊಡ್ಡದಾದರೆ ಪತ್ರ ಹಿಂದಿರುಗುವುದೂ ಉಂಟು.

ನಾಲ್ಕು ದಿನಗಳ ಮೇಲೆ ಉತ್ತರ ಬಂತು. 6ನೆಯ ಪುಟದ ಕೆಲಸದ ಒಂದು ಮಾದರಿ ಉಡುಪನ್ನು ತರಬೇಕೆಂದು ಅವರು ಕೇಳಿದ್ದರು. ನಾವು ಯಾವುದನ್ನು ಕೊರತೆಯೆಂದು ಒಪ್ಪಿಕೊಂಡಿದ್ದೆವೋ ಅದನ್ನೇ ಅವರು ನೋಡಬಯಸಿದ್ದರು. ಈ ಲೇಖನ ಬರೆಯುವ ಹೊತ್ತಿಗೆ ಅವರ ತೀರ್ಮಾನ ಇನ್ನೂ ತಿಳಿದಿಲ್ಲ. ತಾಯಿಯವರು ಮಾದರಿಯ ಅಂಚನ್ನು ಬಿಚ್ಚಿ, ಮಡಿಕೆ ಎರಡು ಅಂಗುಲವೇ ಇದೆಯೆಂದು ಅಳೆದು ನೋಡಿ, ಮತ್ತೆ ಹೊಲಿದು ಕಳುಹಿಸಿದ್ದಾರೆ.