ಉಚಿತ ಆರೋಗ್ಯ ಶಿಬಿರದ ಪ್ರಚಾರ: ಒಕ್ಕಣೆಯ ಹೊಣೆ ಯಾರದು?

ಕಾಫಿ ಕುಯ್ಲು ಮುಗಿದು ಮಳೆಗಾಲ ಹಿಡಿಯುವುದರೊಳಗಿನ ಬಿಡುವಿನಲ್ಲಿ ಮಲೆನಾಡಿನ ವರ್ತಕರೂ ಸಣ್ಣ ಉದ್ದಿಮೆದಾರರೂ ಉಚಿತ ಆರೋಗ್ಯ ಶಿಬಿರಗಳನ್ನು ಪ್ರಾಯೋಜಿಸುವುದು ರೂಢಿಯಲ್ಲಿದೆ. ವೈದ್ಯರನ್ನು ಒಪ್ಪಿಸುವುದು, ಶಾಮಿಯಾನ ಹಾಕಿಸುವುದು, ಉಪಾಹಾರದ ಏರ್ಪಾಡು ಮುಂತಾದವನ್ನು ಸಂಘಟಕರು ಮುತುವರ್ಜಿಯಿಂದ ನೋಡಿಕೊಳ್ಳುತ್ತಾರೆ. ಆದರೆ ಕರಪತ್ರದ ಒಕ್ಕಣೆಯನ್ನು, ಮೊಬೈಲಿನಲ್ಲಿ ಹರಿದಾಡುವ ಚಿತ್ರದ ಅಡಿಬರಹವನ್ನು ಕೊನೆಯ ಗಳಿಗೆಯಲ್ಲಿ ಮುದ್ರಣಾಲಯದವರಿಗೇ ಬಿಟ್ಟುಬಿಡುವುದುಂಟು. ಕಾನೂನಿನ ದೃಷ್ಟಿಯಿಂದ ನೋಡಿದರೆ ಪ್ರಾಯೋಜಕನು ಸಿಕ್ಕಿಬೀಳುವುದು ಈ ನಾಲ್ಕು ಸಾಲುಗಳಲ್ಲಿಯೇ.

ಹೇಮಾವತಿಯ ಉಗಮಸ್ಥಾನವೆಂದು ಹೆಸರಾದ ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಒಂದು ಭಾನುವಾರ ಇಂತಹ ಶಿಬಿರ ನಡೆಯಲಿದೆ ಎಂದು ಉದಾಹರಣೆಗೆ ಭಾವಿಸೋಣ. ಪ್ರಾಯೋಜಕರು ಒಬ್ಬ ಕಾಳುಮೆಣಸಿನ ವರ್ತಕರು ಹಾಗೂ ಕಷಾಯದ ಪುಡಿ ತಯಾರಿಸುವ ಒಂದು ಸಣ್ಣ ಘಟಕ. ಸಾಮಾನ್ಯವಾಗಿ ಬರೆಯಲ್ಪಡುವ ಒಕ್ಕಣೆ ಹೀಗಿರುತ್ತದೆ:

“ಸಕ್ಕರೆ ಕಾಯಿಲೆ, ಬಿ.ಪಿ. ಸದ್ದಿಲ್ಲದೆ ಕೊಲ್ಲುತ್ತವೆ! ಇಂದು ನಿರ್ಲಕ್ಷಿಸಿದರೆ ನಾಳೆ ನಿಮ್ಮ ಮಕ್ಕಳ ಗತಿ ಏನು? ಉಚಿತ ಶಿಬಿರಕ್ಕೆ ಬನ್ನಿ, ರೋಗಮುಕ್ತರಾಗಿ ಹಿಂತಿರುಗಿ. ಸಕ್ಕರೆಯನ್ನು ಹತೋಟಿಗೆ ತರುವ ನಮ್ಮ ಕಷಾಯದ ಪುಡಿ ಎಲ್ಲರಿಗೂ ಉಚಿತ!”

ಲೆಕ್ಕಪರಿಶೋಧನೆಯಲ್ಲಿ ವೋಚರ್ ಇಲ್ಲದ ಖರ್ಚು ಹೇಗೆ ನಿಲ್ಲುವುದಿಲ್ಲವೋ ಹಾಗೆಯೇ ಆಧಾರವಿಲ್ಲದ ಮಾತು ಪ್ರಚಾರದಲ್ಲಿ ನಿಲ್ಲಬಾರದು. ಆ ಕ್ರಮದಲ್ಲಿ ಈ ಒಕ್ಕಣೆಯನ್ನು ಪರಿಶೀಲಿಸಬಹುದು.

ಎಲ್ಲಕ್ಕಿಂತ ಅಪಾಯಕಾರಿಯಾದುದು ಕೊನೆಯ ವಾಕ್ಯ. ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಅಧಿನಿಯಮ, 1954ರ ಕಲಂ 3ರ ಪ್ರಕಾರ, ಪಟ್ಟಿ ಮಾಡಲಾದ ರೋಗಗಳ ನಿದಾನ, ಗುಣಪಡಿಸುವಿಕೆ, ಉಪಶಮನ ಅಥವಾ ತಡೆಗೆ ಯಾವುದೇ ಔಷಧವನ್ನು ಬಳಸಬಹುದೆಂದು ಸೂಚಿಸುವ ಜಾಹೀರಾತು ನಿಷಿದ್ಧ. ಆ ಪಟ್ಟಿಯಲ್ಲಿ ಮಧುಮೇಹವೂ ಇದೆ, ರಕ್ತದೊತ್ತಡವೂ ಇದೆ. ಪುಡಿಯನ್ನು ಹಣ ಪಡೆಯದೆ ಹಂಚಿದೆವು ಎಂಬುದು ಇಲ್ಲಿ ಸಮರ್ಥನೆಯಾಗದು. ನಿಷೇಧವಿರುವುದು ಮಾರಾಟಕ್ಕಲ್ಲ, ಜಾಹೀರಾತಿಗೆ. ರೋಗಕ್ಕೆ ಉಪಯುಕ್ತವೆಂದು ಹೇಳಿದೊಡನೆ ಅಡುಗೆಮನೆಯ ಪುಡಿಯೂ ಈ ಅಧಿನಿಯಮದ ಅರ್ಥದಲ್ಲಿ ಔಷಧವಾಗಿಬಿಡಬಹುದು.

ಜಾಹೀರಾತು ಎಂಬ ಪದದ ವ್ಯಾಪ್ತಿಯನ್ನೂ ವರ್ತಕರು ಗಮನಿಸತಕ್ಕದ್ದು. ಸೂಚನಾಪತ್ರ, ಸುತ್ತೋಲೆ, ಲೇಬಲ್, ಹೊದಿಕೆಗಳಷ್ಟೇ ಅಲ್ಲದೆ ಬಾಯಿಮಾತಿನ ಘೋಷಣೆಯೂ ಅದರಲ್ಲಿ ಅಡಕವಾಗಿದೆ. ಆದ್ದರಿಂದ ಕೊಟ್ಟಿಗೆಹಾರದಿಂದ ಜಾವಳಿಯವರೆಗೆ ಧ್ವನಿವರ್ಧಕ ಕಟ್ಟಿಕೊಂಡು ಸಾಗುವ ಆಟೋದಲ್ಲಿ ಆಡಿದ ಮಾತೂ ಲೆಕ್ಕಕ್ಕೆ ಬರುತ್ತದೆ. ಪ್ರಕಟಣೆಯಲ್ಲಿ ಭಾಗಿಯಾಗುವುದೆಂದರೆ ಮುದ್ರಿಸುವುದೂ ಸೇರಿದಂತೆ ಎಂದು ಅಧಿನಿಯಮ ಹೇಳುವುದರಿಂದ ಮುದ್ರಣಾಲಯದವರೂ ಹೊರಗುಳಿಯುವಂತಿಲ್ಲ. ಸಂಸ್ಥೆಯ ಹೆಸರಿನಲ್ಲಿ ತಪ್ಪಾದರೆ ವ್ಯವಹಾರದ ಹೊಣೆ ಹೊತ್ತವರು ಉತ್ತರಿಸಬೇಕೆಂಬುದು ಕಲಂ 9ರ ತಾತ್ಪರ್ಯ. ಹೀಗಾಗಿ ಕಷಾಯದ ಪುಡಿಯ ಹೆಸರನ್ನು ಶಿಬಿರದ ಪ್ರಚಾರದಿಂದ ಪೂರ್ತಿಯಾಗಿ ಹೊರಗಿಡುವುದೇ ಕ್ಷೇಮ. ಪ್ರಾಯೋಜಕ ಸಂಸ್ಥೆಯ ಹೆಸರು ಕೆಳಗೆ ಒಂದು ಸಾಲಿನಲ್ಲಿದ್ದರೆ ಸಾಕು. ಸರಕಿನ ಚಿತ್ರ ಬೇಡ.

ಎರಡನೆಯದು “ರೋಗಮುಕ್ತರಾಗಿ” ಎಂಬ ಭರವಸೆ. ಶಿಬಿರದಲ್ಲಿ ನಡೆಯುವುದು ತಪಾಸಣೆ, ಚಿಕಿತ್ಸೆಯಲ್ಲ. ತಪಾಸಣೆಗೂ ಮಿತಿಯಿದೆ. ಬೆರಳ ತುದಿಯ ಒಂದು ಹನಿ ರಕ್ತದಿಂದ ನೋಡುವ ಸಕ್ಕರೆಯ ಅಂಶ ಮುನ್ಸೂಚನೆ ಮಾತ್ರ. ಮಧುಮೇಹವೆಂದು ನಿಶ್ಚಯಿಸಲು ಪ್ರಯೋಗಾಲಯದ ಪರೀಕ್ಷೆ ಬೇಕು. ರಕ್ತದೊತ್ತಡವನ್ನೂ ಒಮ್ಮೆ ಅಳೆದು ರೋಗವೆನ್ನಲಾಗದು. ಅಳೆಯುವ ಮುನ್ನ ಐದು ನಿಮಿಷ ಸುಮ್ಮನೆ ಕುಳಿತಿರಬೇಕು, ಅರ್ಧ ಗಂಟೆಯೊಳಗೆ ಕಾಫಿ ಕುಡಿದಿರಬಾರದು. ಕಾಫಿ ಸೀಮೆಯಲ್ಲಿ ಬಂದವರಿಗೆಲ್ಲ ಮೊದಲು ಕಾಫಿ ಕೊಡುವುದು ಮರ್ಯಾದೆ. ಶಿಬಿರದಲ್ಲಿ ಆ ಮರ್ಯಾದೆಯನ್ನು ಅಳತೆಯ ನಂತರಕ್ಕೆ ಮುಂದೂಡಬೇಕಾಗುತ್ತದೆ, ಮತ್ತು ಒಕ್ಕಣೆಯಲ್ಲಿ ಇದನ್ನು ಮೊದಲೇ ತಿಳಿಸಬೇಕು. “ರೋಗಮುಕ್ತ” ಎಂಬ ಪದಕ್ಕಿಂತ ಈ ಒಂದು ಸೂಚನೆ ಬರುವವರಿಗೆ ಹೆಚ್ಚು ಉಪಯುಕ್ತ.

ಇನ್ನು ಭಯದ ಮಾತು. ಹೆದರಿಸಿದರೆ ಜನ ಬರುತ್ತಾರೆಂಬ ನಂಬಿಕೆ ವ್ಯಾಪಕವಾಗಿದೆ. ಸಂವಹನ ಶಾಸ್ತ್ರಜ್ಞೆ ಕಿಮ್ ವಿಟ್ಟೆ 1992ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಅಪಾಯ ದೊಡ್ಡದೆನಿಸಿ ಅದನ್ನು ಎದುರಿಸುವ ದಾರಿ ತನ್ನ ಕೈಯಲ್ಲಿಲ್ಲವೆನಿಸಿದಾಗ ಮನುಷ್ಯ ಅಪಾಯವನ್ನಲ್ಲ, ಆ ಮಾತನ್ನೇ ದೂರವಿಡುತ್ತಾನೆ. ದಿನಗೂಲಿಯ ತೋಟದ ಕಾರ್ಮಿಕನನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ರೋಗವಿದೆಯೆಂದು ಗೊತ್ತಾದರೆ ಕೆಲಸ ಹೋದೀತು, ಔಷಧಕ್ಕೆ ಹಣವೆಲ್ಲಿ ಎಂಬ ಅಳುಕು ಅವನಲ್ಲಿ ಮೊದಲೇ ಇರುತ್ತದೆ. “ಮಕ್ಕಳ ಗತಿ” ಎಂದು ಬರೆದರೆ ಆ ಅಳುಕು ಬೆಳೆದು ಅವನು ಮನೆಯಲ್ಲೇ ಉಳಿಯುತ್ತಾನೆ. ಅವನನ್ನು ಕರೆತರುವ ಸಾಲು ಬೇರೆಯೇ: ಫಲಿತಾಂಶವನ್ನು ಮಾಲೀಕರಿಗೆ ತಿಳಿಸುವುದಿಲ್ಲ ಎಂಬುದು. ಆದರೆ ಅದನ್ನು ಬರೆಯುವ ಮುನ್ನ ಸಂಘಟಕರು ಹಾಗೆಯೇ ನಡೆದುಕೊಳ್ಳಲು ಸಿದ್ಧರಿರಬೇಕು. ನೋಂದಣಿ ಪುಸ್ತಕ ಮೇಸ್ತ್ರಿಯ ಕೈಗೆ ಸಿಗುವಂತಿರಬಾರದು.

ಮಲೆನಾಡಿನಲ್ಲಿ ಇನ್ನೊಂದು ಪ್ರಲೋಭನೆಯಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಹೆಸರು ಕೇಳಿದರೆ ಇಂದಿಗೂ ಜನ ಬೆಚ್ಚುತ್ತಾರೆ. ಬೆರಳ ತುದಿಯ ಸಕ್ಕರೆ ಪರೀಕ್ಷೆಯಿಂದ ಆ ಕಾಯಿಲೆ ತಿಳಿಯುವುದಿಲ್ಲ. ಶಿಬಿರದಲ್ಲಿ ಪರೀಕ್ಷಿಸದ ರೋಗದ ಹೆಸರನ್ನು ಜನ ಸೇರಿಸಲೆಂದು ಬಳಸುವುದು ಸುಳ್ಳು ಇನ್‌ವಾಯ್ಸ್ ಬರೆದಂತೆ.

“ಎಲ್ಲರಿಗೂ ಉಚಿತ” ಎಂಬುದಕ್ಕೆ ಲೆಕ್ಕ ಹಾಕಿ ನೋಡಬೇಕು. ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ 240 ನಿಮಿಷ. ಒಬ್ಬರ ಹೆಸರು ಬರೆದು ರಕ್ತದೊತ್ತಡ, ಸಕ್ಕರೆ ನೋಡಲು 4 ನಿಮಿಷವೆಂದಿಟ್ಟುಕೊಂಡರೆ ಒಂದು ಮೇಜಿನಲ್ಲಿ 60 ಮಂದಿ, ಎರಡು ಮೇಜಿನಲ್ಲಿ 120 ಮಂದಿ. ಕಾಯುವವರು ಕುರ್ಚಿಯಲ್ಲಿ ಕುಳಿತಿರುವುದರಿಂದ ಐದು ನಿಮಿಷದ ವಿಶ್ರಾಂತಿ ಇದರಲ್ಲಿ ಸೇರಬೇಕಾಗಿಲ್ಲ. ಹಾಗಾದರೆ 120 ಟೋಕನ್ ಎಂದೇ ಅಚ್ಚಾಗಬೇಕು. ಉಚಿತ ಯಾವುದು, ಯಾವುದಲ್ಲ ಎಂಬುದೂ ಸ್ಪಷ್ಟವಿರಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯು, ಬಳಕೆದಾರ ತರಿಸಿಕೊಳ್ಳುವ ಅನಿವಾರ್ಯ ವೆಚ್ಚದ ಹೊರತು ಬೇರೇನನ್ನಾದರೂ ತೆರಬೇಕಾದಲ್ಲಿ ಅದನ್ನು ಉಚಿತವೆನ್ನಬಾರದೆನ್ನುತ್ತದೆ. ದಾನದ ಶಿಬಿರಕ್ಕೆ ಅದು ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬ ಚರ್ಚೆ ಏನೇ ಇರಲಿ, ಅಳತೆಗೋಲಾಗಿ ಅದು ಚೆನ್ನಾಗಿದೆ. ಕಣ್ಣಿನ ಪರೀಕ್ಷೆ ಉಚಿತ, ಕನ್ನಡಕಕ್ಕೆ ಹಣ ಎಂದಾದರೆ ಎರಡನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಬರೆಯತಕ್ಕದ್ದು.

ಇಷ್ಟನ್ನು ಸರಿಪಡಿಸಿದ ಮೇಲೆ ಜಾವಳಿಯ ಒಕ್ಕಣೆ ಹೀಗಾಗುತ್ತದೆ:

“ಜಾವಳಿಯಲ್ಲಿ ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಆರೋಗ್ಯ ತಪಾಸಣೆ. ರಕ್ತದೊತ್ತಡ, ರಕ್ತದ ಸಕ್ಕರೆ, ಕಣ್ಣಿನ ದೃಷ್ಟಿ ಪರೀಕ್ಷೆ ಉಚಿತ. ಕನ್ನಡಕಕ್ಕೆ ಹಣ ಕೊಡಬೇಕು. ಔಷಧ ಕೊಡುವುದಿಲ್ಲ, ಮರುಪರೀಕ್ಷೆ ಬೇಕಾದವರಿಗೆ ಸರ್ಕಾರಿ ಆಸ್ಪತ್ರೆಗೆ ಚೀಟಿ ಬರೆದುಕೊಡಲಾಗುವುದು. ಮೊದಲು ಬಂದ 120 ಮಂದಿಗೆ ಟೋಕನ್. ಬರುವ ಅರ್ಧ ಗಂಟೆ ಮೊದಲು ಕಾಫಿ ಬೇಡ. ಈಗ ಸೇವಿಸುತ್ತಿರುವ ಮಾತ್ರೆಯನ್ನು ನಿಲ್ಲಿಸಬೇಡಿ, ಚೀಟಿ ತನ್ನಿ. ಫಲಿತಾಂಶ ನಿಮಗೆ ಮಾತ್ರ.”

ಉದ್ದವಾಯಿತೆಂಬ ಆಕ್ಷೇಪಣೆ ಬರಬಹುದು. ಮೊಬೈಲಿನ ಚಿತ್ರಕ್ಕೆ ಮೊದಲ ಎರಡು ವಾಕ್ಯಗಳೂ ಕನ್ನಡಕದ ಸಾಲೂ ಟೋಕನ್ನಿನ ಸಾಲೂ ಸಾಕು, ಉಳಿದುದು ಕರಪತ್ರದಲ್ಲಿರಲಿ. ಪ್ರಕಟಿಸುವ ಮೊದಲು ಶಿಬಿರದ ವೈದ್ಯರಿಗೆ ತೋರಿಸಿ, ಅವರು ಒಪ್ಪಿದ ಪ್ರತಿಯನ್ನು ದಿನಾಂಕ ಹಾಕಿ ಕಡತದಲ್ಲಿಟ್ಟುಕೊಳ್ಳುವುದು ಉಚಿತ.

ಶಿಬಿರ ಮುಗಿದ ನಂತರ ಹಾಕುವ ಚಿತ್ರದ ಅಡಿಬರಹವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಸರದಿಯಲ್ಲಿ ನಿಂತವರ ಮುಖ ಕಾಣುವಂತೆ ತೆಗೆದ ಚಿತ್ರದ ಕೆಳಗೆ “ಸಕ್ಕರೆ ಕಾಯಿಲೆ ಪತ್ತೆಯಾದವರು” ಎಂದು ಬರೆದರೆ, ನಿಶ್ಚಯವಾಗದ ರೋಗವನ್ನು ಊರಿಗೆ ಸಾರಿದಂತಾಗುತ್ತದೆ. ಖಾಲಿ ಕುರ್ಚಿಗಳ, ಮೇಜಿನ ಅಥವಾ ಸ್ವಯಂಸೇವಕರ ಚಿತ್ರ ಹಾಕಿ, ಎಷ್ಟು ಮಂದಿಯ ತಪಾಸಣೆ ನಡೆಯಿತು, ಎಷ್ಟು ಮಂದಿಗೆ ಮರುಪರೀಕ್ಷೆಯ ಚೀಟಿ ಕೊಡಲಾಯಿತು ಎಂಬ ಎರಡು ಸಂಖ್ಯೆಗಳನ್ನು ನೋಂದಣಿ ಪುಸ್ತಕದೊಂದಿಗೆ ತಾಳೆ ನೋಡಿ ಬರೆಯಬಹುದು.